ಆಫರ್ ಬಂದ ಮೇಲೆ: ಒಪ್ಪಿಗೆ ಮೇಲ್, ಜಾಯಿನಿಂಗ್ ತಾರೀಖು, ದಾಖಲೆ, ನೋಟಿಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಖಾಸಗಿ ಕಂಪನಿಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ಕೆಲಸವನ್ನು ನಾನು ಬಹಳ ವರ್ಷ ಮಾಡಿದ್ದೇನೆ. ಆಫರ್ ಕಳಿಸುವುದು, ಉತ್ತರಕ್ಕೆ ಕಾಯುವುದು, ದಾಖಲೆ ತೆಗೆದುಕೊಳ್ಳುವುದು, ಜಾಯಿನಿಂಗ್ ದಿನ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವುದು, ಎಲ್ಲ. ಹಾಗಾಗಿ ನೆಂಟರು, ಪಕ್ಕದ ಮನೆಯವರು, ಊರಿನ ಹುಡುಗರು ಹುಡುಗಿಯರು ಆಫರ್ ಕೈಗೆ ಬಂದ ದಿನ ನನಗೆ ಫೋನ್ ಮಾಡುತ್ತಾರೆ. ಅವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಈಗಾಗಲೇ ಒಂದು ಕಡೆ ಕೆಲಸದಲ್ಲಿದ್ದು ಇನ್ನೊಂದು ಕಡೆಗೆ ಹೋಗುವವರನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಮೊದಲ ಕೆಲಸಕ್ಕೆ ಸೇರುವವರಿಗೆ ನೋಟಿಸ್‌ನ ತಲೆನೋವು ಇರುವುದಿಲ್ಲ.

## ಮೊದಲ ಉತ್ತರ

ಫೋನಿನಲ್ಲೇ ಓಕೆ ಅಂದಿದ್ದೀನಿ. ಮತ್ತೆ ಮೇಲ್ ಯಾಕೆ ಕಳಿಸಬೇಕು?

ಫೋನಿನಲ್ಲಿ ಮಾತಾಡಿದವರು ರಿಕ್ರೂಟರ್. ನೀವು ಸೇರುವ ಹೊತ್ತಿಗೆ ಅವರು ಬೇರೆ ಟೀಮಿಗೆ ಹೋಗಿರಬಹುದು, ಕೆಲಸವನ್ನೇ ಬಿಟ್ಟಿರಬಹುದು. ನೋಟಿಸ್ 60 ಅಥವಾ 90 ದಿನ ಇದ್ದರೆ ಇದು ಆಗುವ ಸಾಧ್ಯತೆ ಜಾಸ್ತಿ. ಆಗ ಅವರ ಜಾಗಕ್ಕೆ ಬಂದವರ ಕೈಯಲ್ಲಿ ಇರುವುದು ಮೇಲ್ ಒಂದೇ. "ಆಗಸ್ಟ್‌ನಲ್ಲಿ ಬಂದರೆ ಸಾಕು ಅಂದಿದ್ರು" ಎಂದು ನೀವು ಹೇಳಿದರೆ ಅವರು ತೆರೆದು ನೋಡಲು ಏನಾದರೂ ಇರಬೇಕು, ಅಲ್ವಾ?

ಕಾನೂನಿನ ಕಡೆಯಿಂದಲೂ ಮೇಲ್‌ಗೆ ಬೆಲೆ ಇದೆ. ಒಬ್ಬರು ಮುಂದಿಟ್ಟದ್ದನ್ನು ಇನ್ನೊಬ್ಬರು ಒಪ್ಪಿದರೆ ಅದು ಕರಾರಿನ ಬುನಾದಿ ಎಂದು 1872ರ ಭಾರತೀಯ ಕರಾರು ಕಾಯ್ದೆ ಹೇಳುತ್ತದೆ. ಆ ಒಪ್ಪಿಗೆ ಎಲೆಕ್ಟ್ರಾನಿಕ್ ರೂಪದಲ್ಲಿದೆ ಎನ್ನುವ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವ ಹಾಗಿಲ್ಲ ಎನ್ನುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮಿನಲ್ಲಿದೆ. ಅಂದರೆ ನೀವು ಕಳಿಸುವ ನಾಲ್ಕು ಸಾಲು ಬರೀ ಮರ್ಯಾದೆಯ ಮಾತಲ್ಲ.

ಕಂಪನಿಯ ಪೋರ್ಟಲ್‌ನಲ್ಲಿ "ಅಕ್ಸೆಪ್ಟ್" ಬಟನ್ ಇದ್ದರೆ ಅದನ್ನೂ ಒತ್ತಿ, ಮೇಲ್ ಕೂಡ ಕಳಿಸಿ. ಪೋರ್ಟಲ್‌ನಲ್ಲಿ ನಿಮ್ಮ ಕೊನೇ ದಿನ, ನೋಟಿಸ್ ಬಗ್ಗೆ ಬರೆಯಲು ಎಷ್ಟೋ ಸಲ ಜಾಗವೇ ಇರುವುದಿಲ್ಲ.

ಆಫರ್ ಲೆಟರ್ ಬಂತು. ಉತ್ತರ ಕೊಡೋಕೆ ಮುಂಚೆ ಏನು ನೋಡಬೇಕು?

ಎಲ್ಲರೂ ಮೊದಲು ನೋಡುವುದು ಸಿಟಿಸಿ. ಅದನ್ನು ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಸಂಬಳದ ವಿವರ ಇರುವ ಹಾಳೆ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ಅದರಲ್ಲಿ ಪ್ರತಿ ತಿಂಗಳು ಖಚಿತವಾಗಿ ಬರುವುದು ಎಷ್ಟು, ವರ್ಷಕ್ಕೊಮ್ಮೆ ಕೆಲಸ ನೋಡಿ ಕೊಡುವುದು ಎಷ್ಟು, ಕಂಪನಿ ಕಟ್ಟುವ ಪಿಎಫ್ ಮತ್ತು ಗ್ರಾಚ್ಯುಟಿ ಒಳಗೇ ಸೇರಿವೆಯಾ ಎಂದು ಬೇರೆ ಬೇರೆ ಮಾಡಿ ನೋಡಿ.

ಆಮೇಲೆ ಮೂರು ಸಾಲು ಹುಡುಕಿ. ಒಂದು, ಜಾಯಿನಿಂಗ್ ತಾರೀಖು. ಅದು ನಿಗದಿಯಾದ ದಿನವಾ ಅಥವಾ "ಈ ದಿನದ ಒಳಗೆ" ಎಂದು ಬರೆದಿದೆಯಾ ನೋಡಿ. ಎರಡು, ಆಫರ್ ಎಷ್ಟು ದಿನ ಚಾಲ್ತಿಯಲ್ಲಿರುತ್ತದೆ ಎನ್ನುವುದು. ಮೂರು, "ಇದು ಹಿನ್ನೆಲೆ ಪರಿಶೀಲನೆಗೆ ಒಳಪಟ್ಟಿದೆ" ಎನ್ನುವ ಮಾತು. ಆಫೀಸಿನ ಭಾಷೆಯಲ್ಲಿ ಇದಕ್ಕೆ ಬಿಜಿವಿ ಎನ್ನುತ್ತಾರೆ. ಈ ಸಾಲು ಇದ್ದರೆ ನಿಮ್ಮ ಆಫರ್ ಇನ್ನೂ ಷರತ್ತಿನ ಮೇಲೆ ನಿಂತಿದೆ ಎಂದು ಅರ್ಥ.

ಸೇರುವಾಗ ಬೋನಸ್ ಕೊಡುತ್ತಾರೆ ಎಂದಿದ್ದರೆ, ಎಷ್ಟು ತಿಂಗಳ ಒಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಎನ್ನುವುದನ್ನೂ ಓದಿ. ಹೊಸ ಕಂಪನಿಯ ನೋಟಿಸ್ ಎಷ್ಟು ದಿನ ಎನ್ನುವುದು ಕೂಡ ಅದೇ ಪತ್ರದಲ್ಲಿರುತ್ತದೆ. ಇವತ್ತು 60 ದಿನಕ್ಕೆ ಒದ್ದಾಡುತ್ತಿರುವವರು 90 ದಿನದ ಕಡೆಗೆ ಹೋಗುತ್ತಿದ್ದರೆ ಅದು ಈಗಲೇ ಗೊತ್ತಿರಲಿ.

ಒಪ್ಪಿಗೆ ಮೇಲ್‌ನಲ್ಲಿ ಏನು ಬರೀಬೇಕು? ಒಂದು ಮಾದರಿ ಕೊಡಿ.

ಆಫರ್ ಬಂದ ಮೇಲ್‌ಗೇ ಉತ್ತರಿಸಿ, ಹೊಸದಾಗಿ ಶುರು ಮಾಡಬೇಡಿ. ಹಳೆಯ ಮಾತುಕತೆ ಕೆಳಗೆ ಹಾಗೇ ಉಳಿಯುತ್ತದೆ. ಸಿಸಿಯಲ್ಲಿ ಇದ್ದವರನ್ನು ತೆಗೆಯಬೇಡಿ. ನಿಮ್ಮ ಈಗಿನ ಆಫೀಸಿನ ಮೇಲ್ ಐಡಿಯಿಂದ ಖಂಡಿತ ಕಳಿಸಬೇಡಿ. ಕೊನೇ ದಿನ ಆ ಖಾತೆ ಮುಚ್ಚಿಹೋಗುತ್ತದೆ, ಪುರಾವೆಯೂ ಅದರ ಜೊತೆ ಹೋಗುತ್ತದೆ.

ಬಹಳ ಕಡೆ ಮೇಲ್ ಇಂಗ್ಲಿಷಿನಲ್ಲೇ ಹೋಗುತ್ತದೆ. ಅದರಲ್ಲಿ ಇರಬೇಕಾದ ಮಾತು ಕನ್ನಡದಲ್ಲಿ ಹೀಗೆ:

> ನಮಸ್ಕಾರ ಮೇಡಂ,
>
> ಜೂನ್ 5ರ ಆಫರ್ ಲೆಟರ್ ಸಿಕ್ಕಿದೆ, ಧನ್ಯವಾದಗಳು. ಸೀನಿಯರ್ ಅನಲಿಸ್ಟ್ ಹುದ್ದೆಯನ್ನು, ಪತ್ರದಲ್ಲಿ ಹೇಳಿರುವ ಸಂಬಳ ಮತ್ತು ಷರತ್ತುಗಳಿಗೆ, ಒಪ್ಪಿಕೊಂಡಿದ್ದೇನೆ. ಸಹಿ ಮಾಡಿದ ಪ್ರತಿಯನ್ನು ಲಗತ್ತಿಸಿದ್ದೇನೆ.
>
> ನನ್ನ ಈಗಿನ ಕಂಪನಿಯಲ್ಲಿ ನೋಟಿಸ್ 60 ದಿನ. ಜೂನ್ 8ರಂದು ರಾಜೀನಾಮೆ ಕೊಡುತ್ತೇನೆ. ಕೊನೇ ದಿನ ಆಗಸ್ಟ್ 7 ಆಗುತ್ತದೆ. ನಾವು ಮಾತಾಡಿಕೊಂಡಂತೆ ಆಗಸ್ಟ್ 10, ಸೋಮವಾರ ಸೇರುತ್ತೇನೆ. ಈ ತಾರೀಖು ನಿಮಗೆ ಸರಿ ಎಂದು ಒಂದು ಸಾಲಿನಲ್ಲಿ ತಿಳಿಸಿ.
>
> ನೀವು ಕೇಳಿದ ದಾಖಲೆಗಳಲ್ಲಿ ರಿಲೀವಿಂಗ್ ಲೆಟರ್ ಬಿಟ್ಟು ಉಳಿದವನ್ನು ಜೂನ್ 12ರೊಳಗೆ ಅಪ್‌ಲೋಡ್ ಮಾಡುತ್ತೇನೆ. ರಿಲೀವಿಂಗ್ ಲೆಟರ್ ಕೊನೇ ದಿನದ ನಂತರ ಕೊಡುತ್ತೇನೆ.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು "ಸರಿ ಎಂದು ತಿಳಿಸಿ" ಎನ್ನುವುದು. ನೀವು ಬರೆದ ತಾರೀಖು ನಿಮ್ಮ ಕಡೆಯ ಮಾತು ಅಷ್ಟೇ. ಅವರು "ಆಗಸ್ಟ್ 10 ಓಕೆ" ಎಂದು ಬರೆದಾಗ ಅದು ಇಬ್ಬರ ಮಾತಾಗುತ್ತದೆ. ಎರಡು ದಿನದಲ್ಲಿ ಉತ್ತರ ಬರದಿದ್ದರೆ ಮತ್ತೆ ಕೇಳಿ, ಸಂಕೋಚ ಬೇಡ.

ಯೋಚನೆ ಮಾಡೋಕೆ ಟೈಮ್ ಕೇಳಿದ್ರೆ ಆಫರ್ ಹೋಗಿಬಿಡುತ್ತಾ?

ಎರಡು ಮೂರು ದಿನ ಕೇಳಿದ್ದಕ್ಕೆ ಆಫರ್ ವಾಪಸ್ ತೆಗೆದುಕೊಂಡಿದ್ದನ್ನು ನಾನು ನೋಡಿಲ್ಲ. ಏನೂ ಹೇಳದೆ ಸುಮ್ನೆ ಇದ್ದವರ ಆಫರ್ ಹೋಗಿದ್ದನ್ನು ನೋಡಿದ್ದೇನೆ. ಬಂದ ದಿನವೇ "ಆಫರ್ ಸಿಕ್ಕಿದೆ, ಓದಿ ಬುಧವಾರ ಸಂಜೆಯೊಳಗೆ ಉತ್ತರ ಕೊಡುತ್ತೇನೆ" ಎಂದು ಬರೆಯಿರಿ. ಬುಧವಾರ ಸಂಜೆ ಉತ್ತರ ಕೊಡಿ.

"ಒಪ್ಕೊಂಡಿದ್ದೀನಿ, ಆದ್ರೆ ಸಂಬಳ ಸ್ವಲ್ಪ ಜಾಸ್ತಿ ಮಾಡಿ" ಅಂತ ಒಂದೇ ಮೇಲ್‌ನಲ್ಲಿ ಬರೀಬಹುದಾ?

ಬೇಡ. ಒಪ್ಪಿಗೆ ಪೂರ್ತಿಯಾಗಿ, ಷರತ್ತಿಲ್ಲದೆ ಇರಬೇಕು ಎನ್ನುವುದು ಕರಾರು ಕಾಯ್ದೆಯ 7ನೇ ಕಲಮು. "ಆದ್ರೆ" ಎಂದು ಬರೆದ ಕೂಡಲೇ ಅದು ಒಪ್ಪಿಗೆ ಅಲ್ಲ, ನಿಮ್ಮ ಕಡೆಯಿಂದ ಹೊಸ ಪ್ರಸ್ತಾಪ ಆಗುತ್ತದೆ. ನೀವು ಒಪ್ಪಿದ್ದೇನೆ ಎಂದುಕೊಂಡಿರುತ್ತೀರಿ, ಅವರು ಇನ್ನೂ ಚರ್ಚೆ ನಡೆಯುತ್ತಿದೆ ಎಂದುಕೊಂಡಿರುತ್ತಾರೆ.

ಸಂಬಳ, ಹುದ್ದೆ, ಊರು, ತಾರೀಖು ಯಾವುದು ಬದಲಾಗಬೇಕಿದ್ದರೂ ಮೊದಲು ಅದನ್ನು ಕೇಳುವ ಮೇಲ್ ಕಳಿಸಿ. ಒಪ್ಪಿದರೆ ತಿದ್ದಿದ ಆಫರ್ ಲೆಟರ್ ತರಿಸಿಕೊಳ್ಳಿ. ಆಮೇಲೆ ಒಪ್ಪಿಗೆ ಮೇಲ್, "ಆದ್ರೆ" ಇಲ್ಲದೆ.

## ತಾರೀಖು ಮತ್ತು ನೋಟಿಸ್

ಮೊದಲು ರಾಜೀನಾಮೆನಾ, ಮೊದಲು ಒಪ್ಪಿಗೆ ಮೇಲಾ?

ಮೊದಲು ಒಪ್ಪಿಗೆ ಮೇಲ್. ಅದಕ್ಕೆ ಅವರ ಉತ್ತರ ಬಂದ ಮೇಲೆ ರಾಜೀನಾಮೆ.

ನಾನು ಇದನ್ನು ತಪ್ಪಾಗಿ ಮಾಡಿ ಕಲಿತವನು. ನನ್ನ ಮೊದಲ ಕೆಲಸ ಬಿಡುವಾಗ ಹೊಸ ಕಂಪನಿಯವರು ಫೋನ್ ಮಾಡಿ "ನೀವು ಸೆಲೆಕ್ಟ್ ಆಗಿದ್ದೀರಿ, ಆಫರ್ ಎರಡು ದಿನದಲ್ಲಿ ಬರುತ್ತೆ, ರಾಜೀನಾಮೆ ಕೊಟ್ಟುಬಿಡಿ, ಬೇಗ ಬರಬಹುದು" ಅಂದರು. ಖುಷಿಯಲ್ಲಿ ಅದೇ ಸಂಜೆ ಕೊಟ್ಟೆ. ಆಫರ್ ಬಂದಿದ್ದು 18 ದಿನದ ಮೇಲೆ. ಮೇಲಿನವರು ಒಬ್ಬರು ರಜೆಯಲ್ಲಿದ್ದರಂತೆ, ಸಹಿ ಆಗಿರಲಿಲ್ಲವಂತೆ. ಆ 18 ದಿನ ನನಗೆ ಊಟ ಸೇರಲಿಲ್ಲ. ಮನೆಯಲ್ಲಿ ಅಪ್ಪನಿಗೆ ಹೇಳುವ ಧೈರ್ಯ ಇರಲಿಲ್ಲ. ಬಂದ ಪತ್ರದಲ್ಲಿ ಸಂಬಳ ಹೇಳಿದ್ದಕ್ಕಿಂತ ಕಡಿಮೆ ಇತ್ತು. ಕೇಳುವ ಜಾಗದಲ್ಲಿ ನಾನು ಇರಲಿಲ್ಲ, ಯಾಕೆಂದರೆ ರಾಜೀನಾಮೆ ಆಗಲೇ ಹೋಗಿತ್ತು.

ಎಚ್‌ಆರ್ ಅವಸರ ಮಾಡಿದರೆ ಹೀಗೆ ಹೇಳಿ: "ಸಹಿ ಇರುವ ಆಫರ್ ಲೆಟರ್ ಬಂದ ಮರುದಿನವೇ ರಾಜೀನಾಮೆ ಕೊಡುತ್ತೇನೆ." ಯಾವ ಎಚ್‌ಆರ್ ಕೂಡ ಇದನ್ನು ತಪ್ಪು ಅನ್ನುವುದಿಲ್ಲ.

ನನ್ನ ಕೊನೇ ದಿನ ಯಾವುದು ಅಂತ ಲೆಕ್ಕ ಹಾಕೋದು ಹೇಗೆ?

ಬೆರಳು ಮಡಿಚಿ ಎಣಿಸಿದರೆ ಸಾಕು ಅನ್ನಿಸುತ್ತದೆ. ಆದರೆ ಜಾಯಿನಿಂಗ್ ತಾರೀಖು ಕೆಡುವುದು ಹೆಚ್ಚಾಗಿ ಇಲ್ಲೇ. ನಮ್ಮ ಅಕ್ಕನ ಮಗಳ ಲೆಕ್ಕವನ್ನೇ ತೋರಿಸುತ್ತೇನೆ.

ಅವಳ ನೋಟಿಸ್ 60 ದಿನ. ರಾಜೀನಾಮೆ ಜೂನ್ 8, ಸೋಮವಾರ. ಮರುದಿನದಿಂದ ಎಣಿಸಿದರೆ ಜೂನ್‌ನಲ್ಲಿ 22 ದಿನ, ಜುಲೈನಲ್ಲಿ 31, ಒಟ್ಟು 53. ಇನ್ನು 7 ದಿನ ಬೇಕು. ಅಂದರೆ ಆಗಸ್ಟ್ 7, ಶುಕ್ರವಾರ. ರಾಜೀನಾಮೆ ಕೊಟ್ಟ ದಿನವನ್ನೂ ಸೇರಿಸಿ ಎಣಿಸುವ ಕಂಪನಿಗಳಿವೆ. ಅಲ್ಲಿ ಆಗಸ್ಟ್ 6 ಆಗುತ್ತದೆ. ಶನಿವಾರ, ಭಾನುವಾರ, ಹಬ್ಬದ ರಜೆ ಎಲ್ಲ ಸಾಮಾನ್ಯವಾಗಿ ಲೆಕ್ಕದ ಒಳಗೇ ಬರುತ್ತವೆ. ಆದರೂ ನಿಮ್ಮ ನೇಮಕಾತಿ ಪತ್ರದಲ್ಲಿ "ಕೆಲಸದ ದಿನಗಳು" ಎಂದು ಬರೆದಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ಈಗ ರಜೆ. ಬಹಳ ಕಂಪನಿಗಳು ನೋಟಿಸ್ ಸಮಯದಲ್ಲಿ ತೆಗೆದುಕೊಂಡ ರಜೆಯಷ್ಟೇ ದಿನ ಕೊನೇ ದಿನವನ್ನು ಮುಂದಕ್ಕೆ ತಳ್ಳುತ್ತವೆ. ಅವಳಿಗೆ ಜುಲೈನಲ್ಲಿ ಜ್ವರ ಬಂತು, 3 ದಿನ ಹೋಗಲಿಲ್ಲ. ಕೊನೇ ದಿನ ಆಗಸ್ಟ್ 7ರಿಂದ 12ಕ್ಕೆ ಹೋಯಿತು, ಯಾಕೆಂದರೆ ನಡುವೆ ಶನಿವಾರ ಭಾನುವಾರ ಇತ್ತು. ಆಗಸ್ಟ್ 10ಕ್ಕೆ ಸೇರುತ್ತೇನೆ ಎಂದು ಮೇಲ್ ಕಳಿಸಿದ್ದಳು. ಜ್ವರ ಇಳಿದ ದಿನವೇ ಹೊಸ ಕಂಪನಿಗೆ ಬರೆದಳು, "ಆಗಸ್ಟ್ 17, ಸೋಮವಾರ ಆಗಬಹುದಾ" ಎಂದು. ಮೂರು ವಾರ ಮುಂಚೆಯೇ ಗೊತ್ತಾದ್ದರಿಂದ ಅವರಿಗೂ ತೊಂದರೆ ಆಗಲಿಲ್ಲ. ಆಗಸ್ಟ್ 8ಕ್ಕೆ ಹೇಳಿದ್ದರೆ ಲ್ಯಾಪ್‌ಟಾಪ್, ಐಡಿ ಕಾರ್ಡ್, ತರಬೇತಿ ಎಲ್ಲ ತಯಾರಾಗಿರುತ್ತಿತ್ತು.

ನೀವು ಎಷ್ಟು ಚೆನ್ನಾಗಿ ಎಣಿಸಿದರೂ ಅಂತಿಮ ಲೆಕ್ಕ ನಿಮ್ಮ ಹಳೆ ಕಂಪನಿಯದ್ದು. ರಾಜೀನಾಮೆ ಮೇಲ್‌ನಲ್ಲೇ "ನನ್ನ ಲೆಕ್ಕದಲ್ಲಿ ಕೊನೇ ದಿನ ಆಗಸ್ಟ್ 7, ದಯವಿಟ್ಟು ಖಚಿತಪಡಿಸಿ" ಎಂದು ಬರೆಯಿರಿ. ಆ ಉತ್ತರ ಬಂದ ಮೇಲೆ ಹೊಸ ಕಂಪನಿಗೆ ಒಂದು ಸಾಲು ಕಳಿಸಿ.

ಅವರು ಕೊಟ್ಟ ಜಾಯಿನಿಂಗ್ ಡೇಟ್‌ಗೆ ನನ್ನ ನೋಟಿಸ್ ಮುಗಿಯೋದೇ ಇಲ್ಲ. ಏನು ಬರೀಲಿ?

ಒಪ್ಪಿಗೆಗೆ ಮುಂಚೆ ಇದನ್ನು ತೀರಿಸಿಕೊಳ್ಳಿ. ಅಕ್ಕನ ಮಗಳಿಗೂ ಮೊದಲು ಬಂದ ಆಫರ್‌ನಲ್ಲಿ ಜುಲೈ 20 ಇತ್ತು. ಸಹಿ ಮಾಡಿ ಕಳಿಸಿಬಿಡ್ತೀನಿ ಮಾಮ, ಆಮೇಲೆ ನೋಡಿದರಾಯಿತು ಅಂದಳು. ಬೇಡ ಅಂದೆ. ಸಹಿ ಮಾಡಿದ ಪತ್ರದಲ್ಲಿ ಜುಲೈ 20 ಇದ್ದು ನೀವು ಆ ದಿನ ಹೋಗದಿದ್ದರೆ, ಆಫರ್ ತಾನಾಗಿಯೇ ರದ್ದು ಎನ್ನುವ ಸಾಲು ಎಷ್ಟೋ ಪತ್ರಗಳಲ್ಲಿರುತ್ತದೆ.

ಅವಳು ಬರೆದಿದ್ದು ಇಷ್ಟೇ: "ಪತ್ರದಲ್ಲಿ ಜುಲೈ 20 ಎಂದಿದೆ. ನನ್ನ ನೋಟಿಸ್ 60 ದಿನ, ಕೊನೇ ದಿನ ಆಗಸ್ಟ್ 7. ಆಗಸ್ಟ್ 10ಕ್ಕೆ ಬದಲಿಸಿ ಪತ್ರ ಕಳಿಸಿದರೆ ಇವತ್ತೇ ಸಹಿ ಮಾಡುತ್ತೇನೆ. ಬೇಗ ಬರಲೇಬೇಕಿದ್ದರೆ ಬೈಔಟ್ ಬಗ್ಗೆ ಮಾತಾಡೋಣ." ಸಂಜೆಗೆ ಹೊಸ ಪತ್ರ ಬಂತು.

ಇಂಟರ್‌ವ್ಯೂನಲ್ಲಿ "30 ದಿನದಲ್ಲಿ ಬರ್ತೀನಿ" ಅಂದು, ಆಫರ್ ಬಂದ ಮೇಲೆ 60 ಎನ್ನುವವರು ಇದ್ದಾರೆ. ಆಗ ಆಫರ್ ಉಳಿಸಿಕೊಳ್ಳುವುದು ಕಷ್ಟ. ಮೊದಲ ದಿನವೇ ನಿಜ ಹೇಳಿದವರಿಗೆ ಕಾಯುವ ಕಂಪನಿಗಳು ಬೇಕಾದಷ್ಟಿವೆ.

ಬೈಔಟ್ ಅಂದ್ರೇನು? ದುಡ್ಡು ಯಾರು ಕಟ್ಟೋದು?

ನೋಟಿಸ್‌ನ ಉಳಿದ ದಿನಗಳ ಬದಲು ಹಣ ಕಟ್ಟಿ ಬೇಗ ಹೊರಡುವುದು ಬೈಔಟ್. ಇದಕ್ಕೆ ಹಳೆ ಕಂಪನಿ ಒಪ್ಪಬೇಕು. ಕೆಲವು ಕಂಪನಿಗಳ ನೇಮಕಾತಿ ಪತ್ರದಲ್ಲಿ "ನೋಟಿಸ್ ಅಥವಾ ಅದರ ಬದಲು ಸಂಬಳ" ಎಂದಿರುತ್ತದೆ. ಕೆಲವು ಕಡೆ "ಕಂಪನಿ ಒಪ್ಪಿದರೆ ಮಾತ್ರ" ಎಂದಿರುತ್ತದೆ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಜುಲೈ 20ಕ್ಕೇ ಸೇರಬೇಕಿದ್ದರೆ ಅಕ್ಕನ ಮಗಳು ಜುಲೈ 17ಕ್ಕೆ ಹೊರಡಬೇಕಿತ್ತು. ಆಗಸ್ಟ್ 7ರವರೆಗೆ 21 ದಿನ ಕಡಿಮೆ. ಅವಳ ತಿಂಗಳ ಮೂಲ ವೇತನ 36,000 ರೂಪಾಯಿ. ದಿನಕ್ಕೆ 1,200. 21 ದಿನಕ್ಕೆ 25,200. ಇದು ಮೂಲ ವೇತನದ ಲೆಕ್ಕ. ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕುವ ಕಂಪನಿಯಾಗಿದ್ದರೆ, 72,000ಕ್ಕೆ ದಿನಕ್ಕೆ 2,400, ಒಟ್ಟು 50,400 ಆಗುತ್ತಿತ್ತು. ಯಾವುದರ ಮೇಲೆ ಲೆಕ್ಕ ಎನ್ನುವುದು ನಿಮ್ಮ ಹಳೆ ನೇಮಕಾತಿ ಪತ್ರದಲ್ಲಿದೆ. ಹೊರಗಿನವರನ್ನು ಕೇಳುವ ಬದಲು ಅದನ್ನು ತೆಗೆದು ನೋಡಿ.

ಹೊಸ ಕಂಪನಿ ಕೊಡುತ್ತೇನೆ ಎಂದರೆ ಸಾಮಾನ್ಯವಾಗಿ ಮೊದಲು ನಿಮ್ಮ ಕೈಯಿಂದ ಹೋಗುತ್ತದೆ. ಹಳೆ ಕಂಪನಿ ಅದನ್ನು ಕೊನೆಯ ಲೆಕ್ಕದಲ್ಲಿ ಮುರಿದುಕೊಳ್ಳುತ್ತದೆ. ಆಮೇಲೆ ನೀವು ರಸೀದಿಯೋ ಲೆಕ್ಕದ ಹಾಳೆಯೋ ಕೊಟ್ಟರೆ ಹೊಸ ಕಂಪನಿ ಸಂಬಳದ ಜೊತೆ ಕೊಡುತ್ತದೆ. ಆ ಹಣಕ್ಕೆ ತೆರಿಗೆ ಹಿಡಿಯುವುದೂ ಉಂಟು. ಆದ್ದರಿಂದ ಒಪ್ಪಿಗೆ ಮೇಲ್‌ನಲ್ಲಿ ಮೂರು ವಿಷಯ ಬರಲಿ: ಗರಿಷ್ಠ ಎಷ್ಟು ಕೊಡುತ್ತಾರೆ, ಯಾವ ತಿಂಗಳ ಸಂಬಳದಲ್ಲಿ, ಎಷ್ಟು ಕಾಲದೊಳಗೆ ಕೆಲಸ ಬಿಟ್ಟರೆ ವಾಪಸ್ ಕೇಳುತ್ತಾರೆ.

ಮ್ಯಾನೇಜರ್ ಬೇಗ ಬಿಡ್ತೀನಿ ಅಂತ ಬಾಯಲ್ಲಿ ಹೇಳಿದ್ದಾರೆ. ನಂಬಿ ತಾರೀಖು ಕೊಡ್ಲಾ?

ಮ್ಯಾನೇಜರ್ ಒಳ್ಳೆಯವರೇ ಇರಬಹುದು. ಆದರೆ ಕೊನೇ ದಿನ ಬದಲಾಗುವುದು ಎಚ್‌ಆರ್ ಸಿಸ್ಟಮ್‌ನಲ್ಲಿ. ಅಲ್ಲಿ ಆಗಸ್ಟ್ 7 ಇದ್ದು ನೀವು ಜುಲೈ 17ಕ್ಕೆ ಹೊರಟರೆ, ದಾಖಲೆಯಲ್ಲಿ ನೀವು ಹೇಳದೆ ಹೋದವರು ಎಂದಾಗುತ್ತದೆ. ಅದೇ ದಿನ ಮ್ಯಾನೇಜರ್‌ಗೆ ಬರೆಯಿರಿ: "ಇವತ್ತು ಮಾತಾಡಿದಂತೆ ಜುಲೈ 17ಕ್ಕೆ ಬಿಡಲು ಒಪ್ಪಿದ್ದಕ್ಕೆ ಧನ್ಯವಾದ ಸರ್. ಎಚ್‌ಆರ್‌ನವರನ್ನೂ ಸಿಸಿಯಲ್ಲಿ ಹಾಕಿದ್ದೇನೆ." ಸಿಸ್ಟಮ್‌ನಲ್ಲಿ ತಾರೀಖು ಬದಲಾದ ಮೇಲೆ ಹೊಸ ಕಂಪನಿಗೆ ಹೇಳಿ.

## ದಾಖಲೆಗಳು

ಯಾವ ದಾಖಲೆಯನ್ನ ಯಾವಾಗ ಕಳಿಸಬೇಕು?

ಎಲ್ಲವನ್ನೂ ಒಂದೇ ಸಲ ಕೊಡಲು ಆಗುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಒಪ್ಪಿಗೆಯ ಹೊತ್ತಿಗೆ ಕೈಯಲ್ಲಿ ಇರುವವು: ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟ್, ಈಗಿನ ಕಂಪನಿಯ ನೇಮಕಾತಿ ಪತ್ರ, ಕೊನೆಯ 3 ತಿಂಗಳ ಪೇಸ್ಲಿಪ್, ಹಿಂದಿನ ಕಂಪನಿಗಳ ರಿಲೀವಿಂಗ್ ಲೆಟರ್, ಪ್ಯಾನ್, ಫೋಟೋ. ರಾಜೀನಾಮೆ ಕೊಟ್ಟ ಮೇಲೆ ಅದನ್ನು ಒಪ್ಪಿಕೊಂಡ ಮೇಲ್ ಸೇರುತ್ತದೆ. ಈಗಿನ ಕಂಪನಿಯ ರಿಲೀವಿಂಗ್ ಮತ್ತು ಅನುಭವ ಪತ್ರ ಕೊನೇ ದಿನದ ನಂತರವೇ ಬರುವುದು.

ಪೇಸ್ಲಿಪ್‌ಗಳನ್ನು ಈಗಲೇ ಇಳಿಸಿಕೊಳ್ಳಿ. ಕೊನೇ ದಿನ ಸಂಜೆ ಲಾಗಿನ್ ಹೋದ ಮೇಲೆ ಒಂದು ಪೇಸ್ಲಿಪ್‌ಗಾಗಿ ಹತ್ತು ಮೇಲ್ ಬರೆಯಬೇಕಾಗುತ್ತದೆ.

ಕಳಿಸುವಾಗ ಫೈಲ್‌ನ ಹೆಸರು ನೋಡಿದ ಕೂಡಲೇ ಗೊತ್ತಾಗುವಂತಿರಲಿ. `IMG_20260609.jpg` ಎಂಬ ಹದಿನೈದು ಫೈಲ್ ಬಂದರೆ ಯಾವುದು ಐದನೇ ಸೆಮಿಸ್ಟರ್ ಎಂದು ಹುಡುಕುವುದರಲ್ಲೇ ಎದುರಿನವರಿಗೆ ಅರ್ಧ ದಿನ ಹೋಗುತ್ತದೆ. `Sem5_Marks.pdf` ಎಂದರೆ ಮುಗಿಯಿತು.

ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಒಂದು ಹೆಸರು, ಪ್ಯಾನ್‌ನಲ್ಲಿ ಇನ್ನೊಂದು. ತೊಂದರೆ ಆಗುತ್ತಾ?

ನಮ್ಮ ಕಡೆಯವರಿಗೆ ಇದು ಬಹಳ ಸಾಮಾನ್ಯ. ಶಾಲೆಯಲ್ಲಿ "ಮಂಜುನಾಥ ಎಚ್ ಕೆ" ಎಂದು ಬರೆಸಿರುತ್ತಾರೆ. ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾದ್ದರಿಂದ ಊರಿನ ಹೆಸರು, ತಂದೆಯ ಹೆಸರು ಸೇರಿ ಉದ್ದವಾಗಿರುತ್ತದೆ. ಪರಿಶೀಲನೆ ಮಾಡುವವರು ಬೇರೆ ರಾಜ್ಯದಲ್ಲಿ ಕೂತಿದ್ದರೆ ಅವರಿಗೆ ಇವರಿಬ್ಬರೂ ಬೇರೆಯವರ ಹಾಗೆ ಕಾಣುತ್ತಾರೆ, ಫೈಲ್ ನಿಂತುಬಿಡುತ್ತದೆ.

ಅವರು ಕೇಳುವ ಮುಂಚೆ ನೀವೇ ಬರೆದುಬಿಡಿ: ಎಚ್ ಎಂದರೆ ಊರು, ಕೆ ಎಂದರೆ ತಂದೆಯ ಹೆಸರು, ಎರಡೂ ನಾನೇ. ಬಹಳ ಸಲ ಇಷ್ಟೇ ಸಾಕು. ಹೆಸರಿನ ಅಕ್ಷರವೇ ಬೇರೆ ಇದ್ದರೆ ಅಥವಾ ಮದುವೆಯ ನಂತರ ಹೆಸರು ಬದಲಾಗಿದ್ದರೆ ನೋಟರಿ ಮಾಡಿಸಿದ ಅಫಿಡವಿಟ್ ಕೇಳಬಹುದು. ಅದನ್ನು ನೋಟಿಸ್ ಸಮಯದಲ್ಲೇ ಮಾಡಿಸಿಟ್ಟುಕೊಳ್ಳಿ.

ಆಧಾರ್, ಬ್ಯಾಂಕ್ ವಿವರ ಎಲ್ಲ ಮೇಲ್‌ನಲ್ಲಿ ಕಳಿಸೋದು ಸೇಫಾ?

ಮೊದಲು ಯಾರಿಗೆ ಕಳಿಸುತ್ತಿದ್ದೀರಿ ಎಂದು ನೋಡಿ. ಮೇಲ್ ವಿಳಾಸದಲ್ಲಿ `@` ಆದ ಮೇಲೆ ಇರುವುದು ಕಂಪನಿಯ ವೆಬ್‌ಸೈಟಿನ ಹೆಸರೇ ಆಗಿರಬೇಕು, ಒಂದು ಅಕ್ಷರವೂ ಆಚೀಚೆ ಇರಬಾರದು. ಅನುಮಾನ ಬಂದರೆ ವೆಬ್‌ಸೈಟಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ, ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ. ಲ್ಯಾಪ್‌ಟಾಪ್‌ಗೆ, ತರಬೇತಿಗೆ, ಪರಿಶೀಲನೆಗೆ ಎಂದು ಹಣ ಕೇಳಿದರೆ ಅದು ಮೋಸ. ಹಣ ಕಟ್ಟಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಗುರುತಿಗೆ ಮಾತ್ರ ಆಧಾರ್ ಕೇಳಿದರೆ ಮಾಸ್ಕ್ ಮಾಡಿದ ಆಧಾರ್ ಕೊಡಬಹುದು. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ, ಯುಐಡಿಎಐ ಸೈಟಿನಿಂದ ಇಳಿಸಿಕೊಳ್ಳಬಹುದು. ಪಿಎಫ್‌ಗೆ ಪೂರ್ತಿ ನಂಬರ್ ಬೇಕಾಗುತ್ತದೆ, ಅದನ್ನು ಸೇರುವ ಹೊತ್ತಿಗೆ ಪೋರ್ಟಲ್‌ನಲ್ಲಿ ಕೊಡಿ. ಮೂಲ ಅಂಕಪಟ್ಟಿಯನ್ನು ತೋರಿಸಿ, ಕೈಯಲ್ಲಿ ವಾಪಸ್ ತೆಗೆದುಕೊಂಡು ಬನ್ನಿ. ಅಲ್ಲೇ ಇಟ್ಟುಕೊಳ್ಳುತ್ತೇವೆ ಎಂದರೆ ಕೊಡಬೇಡಿ.

ಜಾಯಿನ್ ಆಗೋ ದಿನಕ್ಕೆ ರಿಲೀವಿಂಗ್ ಲೆಟರ್ ಸಿಗಲ್ಲ ಅಂತಿದ್ದಾರೆ. ಏನು ಮಾಡ್ಲಿ?

ಇದು ಹೊಸದೇನಲ್ಲ. ಕೊನೆಯ ಲೆಕ್ಕ ಮುಗಿದ ಮೇಲೆ ಪತ್ರ ಕೊಡುವ ಕಂಪನಿಗಳಿವೆ, ಅದಕ್ಕೆ ವಾರಗಳು ಹಿಡಿಯಬಹುದು. ಹೊಸ ಕಂಪನಿಗೆ ರಾಜೀನಾಮೆ ಒಪ್ಪಿದ ಮೇಲ್ ಮತ್ತು ಕೊನೇ ದಿನ ಖಚಿತಪಡಿಸಿದ ಮೇಲ್ ಎರಡನ್ನೂ ಪಿಡಿಎಫ್ ಮಾಡಿ ಕೊಡಿ. "ರಿಲೀವಿಂಗ್ ಲೆಟರ್ ಬಂದ ಕೂಡಲೇ ಕೊಡುತ್ತೇನೆ, ಇಷ್ಟು ದಿನ ಆಗಬಹುದು" ಎಂದು ಸೇರುವ ಮುಂಚೆಯೇ ಬರೆದು, ಆಗಬಹುದು ಎನ್ನುವ ಉತ್ತರ ಪಡೆಯಿರಿ. ಆಫೀಸಿನ ಖಾತೆಯಿಂದ ಮೇಲ್ ಹೊರಗೆ ಕಳಿಸುವುದಕ್ಕೆ ನಿರ್ಬಂಧ ಇದ್ದರೆ, ನಿಮ್ಮ ಸ್ವಂತ ಐಡಿಗೆ ಕಳಿಸಿ ಎಂದು ಎಚ್‌ಆರ್‌ನವರನ್ನೇ ಕೇಳಿ.

## ಸಿಕ್ಕಿನ ಪ್ರಶ್ನೆಗಳು

ಹೊಸ ಕಡೆ ಯುಎಎನ್ ಕೇಳ್ತಿದ್ದಾರೆ. ಅದರಲ್ಲಿ ಅವರಿಗೆ ಏನು ಕಾಣುತ್ತೆ?

ಯುಎಎನ್ ನಿಮ್ಮ ಪಿಎಫ್‌ನ 12 ಅಂಕಿಯ ನಂಬರ್, ಕಂಪನಿ ಬದಲಾದರೂ ಅದು ಬದಲಾಗುವುದಿಲ್ಲ. ಪಿಎಫ್ ದಾಖಲೆಯಲ್ಲಿ ಪ್ರತಿ ಕಂಪನಿಗೆ ಸೇರಿದ ಮತ್ತು ಬಿಟ್ಟ ತಾರೀಖು ಇರುತ್ತದೆ. ಪರಿಶೀಲನೆ ಮಾಡುವವರು ನಿಮ್ಮ ರೆಸ್ಯೂಮೆಯನ್ನು ಇದರ ಜೊತೆ ತಾಳೆ ನೋಡುತ್ತಾರೆ. ಮೂರು ತಿಂಗಳು ಮಾತ್ರ ಇದ್ದ ಕಂಪನಿಯನ್ನು ರೆಸ್ಯೂಮೆಯಲ್ಲಿ ಬಿಟ್ಟಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಅಂಥದ್ದಿದ್ದರೆ ಒಪ್ಪಿಗೆ ಮೇಲ್‌ನ ಹೊತ್ತಿಗೆ ನೀವಾಗಿಯೇ ಹೇಳಿ.

ಎರಡನೆಯದು, ಹಳೆ ಕಂಪನಿ ಬಿಟ್ಟ ತಾರೀಖನ್ನು ಹಾಕಿರುವುದಿಲ್ಲ ಅಥವಾ ತಪ್ಪಾಗಿ ಹಾಕಿರುತ್ತದೆ. ಆಗ ಎರಡೂ ಕಡೆ ಒಟ್ಟಿಗೆ ಕೆಲಸ ಮಾಡಿದ ಹಾಗೆ ಕಾಣುತ್ತದೆ, ಹಣ ವರ್ಗ ಮಾಡುವಾಗಲೂ ತೊಡಕಾಗುತ್ತದೆ. ಮೊದಲು ಅವರಿಗೇ ಬರೆಯಿರಿ. ಹಾಕದೇ ಬಿಟ್ಟಿದ್ದರೆ, ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಇಪಿಎಫ್‌ಒ ಪೋರ್ಟಲ್‌ನಲ್ಲಿ ನೀವೇ ಹಾಕಿಕೊಳ್ಳಬಹುದು.

ಇದರ ಜೊತೆಗೇ, ಈ ಹಣಕಾಸು ವರ್ಷದಲ್ಲಿ ಹಳೆ ಕಂಪನಿಯಿಂದ ಬಂದ ಸಂಬಳ ಮತ್ತು ಹಿಡಿದ ತೆರಿಗೆಯ ವಿವರವನ್ನೂ ಹೊಸ ಕಂಪನಿಗೆ ಕೊಡಿ. ಕೊಡದಿದ್ದರೆ ಅವರು ವರ್ಷದ ಆದಾಯ ಕಡಿಮೆ ಎಂದುಕೊಂಡು ತೆರಿಗೆ ಕಡಿಮೆ ಹಿಡಿಯುತ್ತಾರೆ. ರಿಟರ್ನ್ ಹಾಕುವಾಗ ಒಂದೇ ಸಲ ದೊಡ್ಡ ಮೊತ್ತ ಕಟ್ಟಬೇಕಾಗುತ್ತದೆ.

ನೋಟಿಸ್ ಪೂರ್ತಿ ಮಾಡದೆ ಹೊರಟುಬಿಟ್ರೆ ಏನಾಗುತ್ತೆ?

ಬಲವಂತವಾಗಿ ಕೂರಿಸಿ ಕೆಲಸ ಮಾಡಿಸಲು ಯಾರಿಗೂ ಆಗುವುದಿಲ್ಲ. ಇಂಥ ಸ್ವಂತ ದುಡಿಮೆಯ ಕರಾರನ್ನು ನ್ಯಾಯಾಲಯ ಹಾಗೆ ಜಾರಿ ಮಾಡಿಸುವುದಿಲ್ಲ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಅದನ್ನು ಹೇಳುತ್ತದೆ. ಆದರೆ ಉಳಿದ ದಿನಗಳ ಹಣವನ್ನು ಕಂಪನಿ ಕೇಳಬಹುದು, ಕೊನೆಯ ಲೆಕ್ಕದಲ್ಲಿ ಹಿಡಿಯಬಹುದು. ರಿಲೀವಿಂಗ್ ಲೆಟರ್ ತಡೆಯುತ್ತಾರೆ. ಮುಂದಿನ ಪರಿಶೀಲನೆಗೆ "ಹೇಳದೆ ಹೋದವರು" ಎಂಬ ಉತ್ತರ ಹೋಗುತ್ತದೆ. ಎರಡು ಕಂಪನಿ ಆಚೆಗೂ ಇದು ಎದುರು ಬಂದಿದ್ದನ್ನು ನೋಡಿದ್ದೇನೆ. ಹೊರಡಲೇಬೇಕಾದ ಪರಿಸ್ಥಿತಿ ಇದ್ದರೆ ಬರೆದು ಕೇಳಿ, ಹಣ ಕಟ್ಟಿ, ರಸೀದಿ ತೆಗೆದುಕೊಂಡು ಹೊರಡಿ.

ಒಪ್ಪಿಗೆ ಕಳಿಸಿ ಆಯ್ತು. ಈಗ ಇನ್ನೊಂದು ಒಳ್ಳೆ ಆಫರ್ ಬಂದಿದೆ.

ಮೊದಲು ಸಹಿ ಮಾಡಿದ ಪತ್ರದಲ್ಲಿ, ಸೇರದಿದ್ದರೆ ಏನಾದರೂ ಕಟ್ಟಬೇಕು ಎಂದಿದೆಯಾ ನೋಡಿ. ಸೇರುವ ಮುಂಚೆಯೇ ಬೋನಸ್ ಬಂದಿದ್ದರೆ ವಾಪಸ್ ಮಾಡಬೇಕು. ಬೇಡ ಎಂದು ತೀರ್ಮಾನ ಆದ ದಿನವೇ ಫೋನ್ ಮಾಡಿ, ಹಿಂದೆಯೇ ಮೇಲ್ ಕಳಿಸಿ. ಜಾಯಿನಿಂಗ್ ದಿನ ಫೋನ್ ತೆಗೆಯದೆ ಇರುವುದನ್ನು ಮಾತ್ರ ಮಾಡಬೇಡಿ. ಅವರು ನಿಮಗಾಗಿ ಎರಡು ತಿಂಗಳು ಕಾದಿದ್ದಾರೆ, ಬೇರೆ ಯಾರಿಗೋ ಆ ಕೆಲಸ ಇಲ್ಲ ಎಂದಿದ್ದಾರೆ.

ರಾಜೀನಾಮೆ ಕೊಟ್ಟಾಗಿದೆ. ಈಗ ಹೊಸ ಕಂಪನಿ ಜಾಯಿನಿಂಗ್ ಮುಂದೂಡ್ತಿದೆ. ನನ್ನ ಗತಿ?

ಕೇಳಿದ ಕೂಡಲೇ ಹೊಸ ತಾರೀಖನ್ನು ಬರಹದಲ್ಲಿ ಕೇಳಿ. "ಸ್ವಲ್ಪ ದಿನ ತಡ" ಎನ್ನುವುದಕ್ಕೂ "ಸೆಪ್ಟೆಂಬರ್ 14" ಎನ್ನುವುದಕ್ಕೂ ಬಹಳ ವ್ಯತ್ಯಾಸ. ತಾರೀಖು ಹೇಳಲು ಹಿಂದೆ ಮುಂದೆ ನೋಡುತ್ತಿದ್ದರೆ ಆ ಆಫರ್ ಅಲುಗಾಡುತ್ತಿದೆ ಎಂದೇ ತಿಳಿದುಕೊಳ್ಳಿ. ಇನ್ನೂ ನೋಟಿಸ್‌ನಲ್ಲೇ ಇದ್ದರೆ ಅದೇ ದಿನ ಈಗಿನ ಮ್ಯಾನೇಜರ್ ಹತ್ತಿರ ಹೋಗಿ. ಕೊನೇ ದಿನ ಮುಂದಕ್ಕೆ ಹಾಕಬಹುದಾ, ರಾಜೀನಾಮೆ ವಾಪಸ್ ತೆಗೆದುಕೊಳ್ಳಬಹುದಾ ಎಂದು ಕೇಳಿ. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು, ಆದರೆ ನಿಮ್ಮ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲದಿದ್ದರೆ ಬಹಳ ಜನ ಒಪ್ಪುತ್ತಾರೆ.

ಆಫರ್ ಪೂರ್ತಿ ರದ್ದಾದರೆ, ನೀವು ಅದನ್ನು ನಂಬಿ ಕೆಲಸ ಬಿಟ್ಟಿದ್ದೀರಿ ಎನ್ನುವುದಕ್ಕೆ ಆಫರ್ ಲೆಟರ್, ಒಪ್ಪಿಗೆ ಮೇಲ್, ತಾರೀಖು ಓಕೆ ಎಂದ ಉತ್ತರ, ರಾಜೀನಾಮೆ, ಈ ನಾಲ್ಕೂ ಸಾಕ್ಷಿ. ಕಾನೂನಿನ ದಾರಿ ಉದ್ದ, ಖರ್ಚಿನದ್ದು. ಆದರೆ ಈ ನಾಲ್ಕನ್ನೂ ತಾರೀಖಿನ ಪ್ರಕಾರ ಜೋಡಿಸಿ ಕಂಪನಿಯ ಮೇಲಿನವರಿಗೆ ಒಂದು ಮರ್ಯಾದೆಯ ಪತ್ರ ಬರೆದಾಗ ಬೇರೆ ಟೀಮಿನಲ್ಲಿ ಜಾಗ ಕೊಟ್ಟಿದ್ದನ್ನು ನೋಡಿದ್ದೇನೆ. ಒಬ್ಬ ಹುಡುಗಿಗೆ ಒಂದು ತಿಂಗಳ ಸಂಬಳ ಕೊಟ್ಟರು. ಅವಳು ರದ್ದಾದ ಮರುದಿನವೇ, ಎರಡನೇ ಸ್ಥಾನದಲ್ಲಿ ಉಳಿದಿದ್ದ ಇನ್ನೊಂದು ಕಂಪನಿಯ ರಿಕ್ರೂಟರ್‌ಗೂ ಬರೆದಿದ್ದಳು. ಅಲ್ಲಿ ಮೂರನೇ ವಾರಕ್ಕೆ ಸೇರಿದಳು.